ಒಂದೇ ರೆಸ್ಯೂಮೆ, ಎರಡು ಪಟ್ಟಿ: 31ನೇ ಸ್ಥಾನದಿಂದ 3ನೇ ಸ್ಥಾನಕ್ಕೆ

ಹುದ್ದೆ ಒಂದು, ರೆಸ್ಯೂಮೆಗಳು 40, ಪಟ್ಟಿಗಳು ಎರಡು. ಹಳೆಯ ತಂತ್ರಾಂಶ 31ನೇ ಸ್ಥಾನಕ್ಕೆ ತಳ್ಳಿದ್ದ ಅಭ್ಯರ್ಥಿಯೊಬ್ಬರನ್ನು ಹೊಸ ತಂತ್ರಾಂಶ 3ನೇ ಸ್ಥಾನಕ್ಕೆ ತಂದು ಕೂರಿಸಿತ್ತು. ಹಳೆಯ ಪಟ್ಟಿಯಲ್ಲಿ ಮೊದಲಿಗರಾಗಿದ್ದವರು ಹೊಸದರಲ್ಲಿ 22ಕ್ಕೆ ಇಳಿದಿದ್ದರು. ನೇಮಕಾತಿ ವಿಭಾಗದ ಮುಖ್ಯಸ್ಥೆ ಎರಡನ್ನೂ ನನ್ನ ಮೇಜಿನ ಮೇಲಿಟ್ಟು, "ಇವುಗಳಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು, ನೀವೇ ಹೇಳಿ" ಎಂದರು. ನಾನು ಹುಡುಕಾಟದ ತಂತ್ರಾಂಶಗಳನ್ನು ನೋಡಿಕೊಳ್ಳುವವನು. ರೆಸ್ಯೂಮೆ ಸೋಸುವ ತಂತ್ರಾಂಶವೂ ಒಳಗೆ ಹುಡುಕಾಟದ ತಂತ್ರಾಂಶವೇ. ಉದ್ಯೋಗದ ವಿವರಣೆ ಅದಕ್ಕೆ ಪ್ರಶ್ನೆ, ರೆಸ್ಯೂಮೆಗಳು ಅದು ಹುಡುಕುವ ದಾಖಲೆಗಳು.

ಹುದ್ದೆ ಲೆಕ್ಕಪತ್ರ ವಿಭಾಗದ್ದು. ಪೂರೈಕೆದಾರರಿಗೆ ಹಣ ಪಾವತಿಸುವ ಕೆಲಸ, ಅಂದರೆ ಅಕೌಂಟ್ಸ್ ಪೇಯಬಲ್. ಹಳೆಯ ತಂತ್ರಾಂಶಕ್ಕೆ ಕೊಟ್ಟಿದ್ದ ಪದಗಳು ನಾಲ್ಕೇ: `accounts`, `payable`, `reconciliation`, `SAP`. ಕೊನೆಯದು ಸಂಸ್ಥೆಗಳು ಲೆಕ್ಕ ನೋಡಿಕೊಳ್ಳಲು ಬಳಸುವ ಎಸ್‌ಎಪಿ ಎಂಬ ತಂತ್ರಾಂಶದ ಹೆಸರು. ಹೊಸದಕ್ಕೆ ಇದೇ ಕೆಲಸದ ವಿವರಣೆಯನ್ನು ಎರಡು ವಾಕ್ಯಗಳಲ್ಲಿ ಕೊಟ್ಟಿದ್ದೆವು. ಹೆಸರುಗಳನ್ನು ತೆಗೆದುಹಾಕಿ, ನನಗೆ ಬೇಕಾದ ಮೂವರನ್ನು ಅ, ಬ, ಕ ಎಂದು ಗುರುತಿಸಿಕೊಂಡು ಕುಳಿತೆ. 31ರಿಂದ 3ಕ್ಕೆ ಹಾರಿದವರು ಅ. ಮೊದಲ ಸ್ಥಾನದಿಂದ 22ಕ್ಕೆ ಬಿದ್ದವರು ಬ. ಕ ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಳೆಯ ಪಟ್ಟಿ. ಅ ಅವರ ರೆಸ್ಯೂಮೆ ಓದಿದರೆ ಈ ಹುದ್ದೆಗೆಂದೇ ಹುಟ್ಟಿದವರಂತೆ ಕಾಣುತ್ತಾರೆ. ಪೂರೈಕೆದಾರರ ಬಿಲ್ಲುಗಳನ್ನು ಪರಿಶೀಲಿಸಿದ್ದಾರೆ, ಪಾವತಿ ಬಿಡುಗಡೆ ಮಾಡಿದ್ದಾರೆ, ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆ ನೋಡಿದ್ದಾರೆ. ಆದರೆ ಅವರು ಬರೆದದ್ದು `vendor bills`, `supplier payments`, `reconciled statements`. ನಾಲ್ಕು ಪದಗಳಲ್ಲಿ ಅವರ ರೆಸ್ಯೂಮೆಯಲ್ಲಿ ಸಿಕ್ಕಿದ್ದು `SAP` ಒಂದೇ, ಅದೂ ಒಂದೇ ಸಲ.

`reconciled` ಎಂದು ಬರೆದಿದ್ದಾರಲ್ಲ, ಅದು `reconciliation`ಗೆ ಹೊಂದಬೇಡವೇ? ನನಗೂ ಮೊದಲು ಎದ್ದ ಪ್ರಶ್ನೆ ಅದೇ, ಏಕೆಂದರೆ ಹಳೆಯ ತಂತ್ರಾಂಶ ಪದಗಳ ಬಾಲ ಕತ್ತರಿಸಿ ಬುಡವನ್ನು ಮಾತ್ರ ಹೋಲಿಸುತ್ತದೆ. ಅದರಲ್ಲಿದ್ದದ್ದು 1980ರಲ್ಲಿ ಮಾರ್ಟಿನ್ ಪೋರ್ಟರ್ ಪ್ರಕಟಿಸಿದ ವಿಧಾನ, ಇಂದಿಗೂ ಅಲ್ಲಲ್ಲಿ ಬಳಕೆಯಲ್ಲಿರುವಂಥದ್ದು. ಅದರ ನಿಯಮಗಳನ್ನು ಒಂದೊಂದಾಗಿ ಹಾಕಿ ನೋಡಿದೆ. `reconciled`, `reconciling`, `reconcile` ಮೂರೂ `reconcil` ಆಗುತ್ತವೆ. `reconciliation` ಮಾತ್ರ `reconcili` ಎಂದು ಉಳಿಯುತ್ತದೆ. ಕೊನೆಯ ಒಂದು ಅಕ್ಷರದ ವ್ಯತ್ಯಾಸ. ಯಂತ್ರಕ್ಕೆ ಅಷ್ಟು ಸಾಕು, ಅವು ಬೇರೆ ಬೇರೆ ಪದಗಳಾಗಿಬಿಟ್ಟವು. ವರ್ಷಗಟ್ಟಲೆ ಲೆಕ್ಕ ತಾಳೆ ನೋಡಿದವರಿಗೆ ಆ ಕೆಲಸಕ್ಕಾಗಿ ಸಿಕ್ಕ ಅಂಕ ಸೊನ್ನೆ.

ಪದ ಸಿಕ್ಕರೆ ಎಷ್ಟು ಅಂಕ ಎಂಬುದಕ್ಕೂ ಒಂದು ಲೆಕ್ಕವಿದೆ. ನಮ್ಮ ಹಳೆಯ ತಂತ್ರಾಂಶ ಬಳಸುತ್ತಿದ್ದುದು ಬಿಎಂ25 ಎಂಬ ಸೂತ್ರ. ಸ್ಟೀಫನ್ ರಾಬರ್ಟ್‌ಸನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ರೂಪಿಸಿದ ಇದು ಎಲಾಸ್ಟಿಕ್‌ಸರ್ಚ್‌ನಂಥ ಹುಡುಕಾಟ ತಂತ್ರಾಂಶಗಳಲ್ಲಿ ಇಂದಿಗೂ ಬೇರೆ ಯಾವುದನ್ನೂ ಆರಿಸದಿದ್ದರೆ ತಾನಾಗಿಯೇ ಬಳಕೆಯಾಗುವ ಸೂತ್ರ. ಅದು ಮುಖ್ಯವಾಗಿ ಎರಡು ಸಂಗತಿಗಳನ್ನು ಕೇಳುತ್ತದೆ. ಈ ಪದ ಎಲ್ಲ ರೆಸ್ಯೂಮೆಗಳ ನಡುವೆ ಎಷ್ಟು ಅಪರೂಪ? ಈ ಒಂದು ರೆಸ್ಯೂಮೆಯಲ್ಲಿ ಎಷ್ಟು ಸಲ ಬಂದಿದೆ?

ಅಪರೂಪದ ಲೆಕ್ಕವೇ ನನಗೆ ಹೆಚ್ಚು ಸ್ವಾರಸ್ಯ ಕಂಡದ್ದು. 40 ರೆಸ್ಯೂಮೆಗಳಲ್ಲಿ 30ರಲ್ಲಿ `SAP` ಇತ್ತು. 22ರಲ್ಲಿ `payable` ಇತ್ತು, 16ರಲ್ಲಿ `reconciliation`. `accounts` 34ರಲ್ಲಿ. ಸೂತ್ರದಲ್ಲಿ ಈ ಭಾಗ ಹೀಗಿರುತ್ತದೆ, N ಒಟ್ಟು ರೆಸ್ಯೂಮೆಗಳು, n ಆ ಪದ ಇರುವ ರೆಸ್ಯೂಮೆಗಳು:

```
idf = ln(1 + (N - n + 0.5) / (n + 0.5))
```

ಇದರ ಪ್ರಕಾರ `SAP`ನ ತೂಕ 0.30, `payable`ನದು 0.60, `reconciliation`ನದು 0.91, `accounts`ನದು 0.17. ಹುದ್ದೆಗೆ ಅತ್ಯಗತ್ಯ ಎಂದು ಎಲ್ಲರೂ ಒಪ್ಪಿದ ಎಸ್‌ಎಪಿ ಅನುಭವಕ್ಕೆ ತೂಕ ತೀರಾ ಕಡಿಮೆ, ಏಕೆಂದರೆ ಅದು ಬಹುಪಾಲು ಎಲ್ಲರಲ್ಲೂ ಇದೆ. ಎಲ್ಲರಲ್ಲಿರುವುದು ಯಾರನ್ನೂ ಬೇರ್ಪಡಿಸುವುದಿಲ್ಲ ಎಂಬುದು ಸೂತ್ರದ ನಿಲುವು. ಹುಡುಕಾಟಕ್ಕೆ ಅದು ಸರಿಯಾದ ನಿಲುವೇ. ನೇಮಕಾತಿಗೆ ಅರ್ಧ ಮಾತ್ರ ಸರಿ.

ಇದೇ ಲೆಕ್ಕ ಎಲ್ಲಿ ಹಾಳಾಗುತ್ತದೆ ಎಂದು ನೋಡಲು, ನಾಲ್ಕು ಪದಗಳ ಬದಲು ಉದ್ಯೋಗದ ಜಾಹೀರಾತನ್ನು ಇಡಿಯಾಗಿ ಪ್ರಶ್ನೆಯ ಜಾಗದಲ್ಲಿ ಅಂಟಿಸಿದೆ. ಅನೇಕರು ಹೀಗೆಯೇ ಮಾಡುತ್ತಾರೆ, ಅದು ಸುಲಭ ನೋಡಿ. ಜಾಹೀರಾತಿನ ಕೊನೆಯಲ್ಲಿ `vibrant` ತಂಡ ಎಂದೇನೋ ಬರೆದಿದ್ದರು. ಆ ಪದ ಇಬ್ಬರ ರೆಸ್ಯೂಮೆಯಲ್ಲಿ ಮಾತ್ರ ಇತ್ತು. ಹಾಗಾಗಿ ಅದರ ತೂಕ 2.80, ಎಸ್‌ಎಪಿಯ ತೂಕದ ಒಂಬತ್ತರಷ್ಟಕ್ಕಿಂತಲೂ ಹೆಚ್ಚು. ತಮ್ಮನ್ನು ತಾವು ಲವಲವಿಕೆಯವರೆಂದು ಕರೆದುಕೊಂಡ ಇಬ್ಬರು ಪಟ್ಟಿಯಲ್ಲಿ ಸರಸರನೆ ಮೇಲೇರಿದರು. ಜಾಹೀರಾತು ಬರೆಯುವವರಿಗೆ ಈ ಸಂಗತಿ ತಿಳಿದಿದ್ದರೆ ಎಷ್ಟೋ ವಿಶೇಷಣಗಳು ಉಳಿತಾಯವಾಗುತ್ತಿದ್ದವು.

ಇನ್ನು ಎಷ್ಟು ಸಲ ಬಂದಿದೆ ಎಂಬ ಲೆಕ್ಕ. ಇಲ್ಲಿ ಬ ಅವರು ಬರುತ್ತಾರೆ. ಅವರ ರೆಸ್ಯೂಮೆಯಲ್ಲಿ ಕೌಶಲಗಳ ಪಟ್ಟಿಯೇ ಮುಕ್ಕಾಲು ಪುಟ. ಪ್ರತಿ ಶೀರ್ಷಿಕೆಯಡಿಯಲ್ಲೂ ಅದೇ ಪದಗಳು ಮತ್ತೆ ಮತ್ತೆ. `accounts payable` 10 ಸಲ, ಉಳಿದವು ಐದೈದು ಸಲ. ಆದರೆ ಬಿಎಂ25 ಪುನರಾವರ್ತನೆಗೆ ಅಷ್ಟು ಸುಲಭವಾಗಿ ಮರುಳಾಗುವುದಿಲ್ಲ. ಸರಾಸರಿ ಉದ್ದದ ರೆಸ್ಯೂಮೆಯಲ್ಲಿ ಪದ ಒಂದು ಸಲ ಬಂದರೆ ಅದರ ತೂಕವನ್ನು 1ರಿಂದ ಗುಣಿಸುತ್ತದೆ, ಎರಡು ಸಲ ಬಂದರೆ ಸುಮಾರು 1.38ರಿಂದ, ಐದು ಸಲ ಬಂದರೆ 1.77ರಿಂದ, ಹತ್ತು ಸಲ ಬಂದರೆ 1.96ರಿಂದ. ನೂರು ಸಲ ಬರೆದರೂ 2.2 ದಾಟುವುದಿಲ್ಲ. ಬ ಅವರ ಒಟ್ಟು ಅಂಕ ಸುಮಾರು 3.66 ಬಂತು. ಅವರು ಒಂದೊಂದು ಪದವನ್ನೂ ಒಂದೊಂದೇ ಸಲ ಬರೆದಿದ್ದರೂ 1.98 ಸಿಗುತ್ತಿತ್ತು. ಅ ಅವರಿಗೆ ಸಿಕ್ಕಿದ್ದು 0.30. ಹಾಗಾಗಿ ಬ ಅವರು ಮೇಲೇರಿದ್ದಕ್ಕೆ ಪುನರಾವರ್ತನೆಗಿಂತ ದೊಡ್ಡ ಕಾರಣ ನಾಲ್ಕೂ ಪದಗಳು ಅವರಲ್ಲಿ ಇದ್ದದ್ದು. ಅ ಅವರು ಕೆಳಗಿಳಿದದ್ದಕ್ಕೆ ಕಾರಣ ಮೂರು ಪದಗಳು ಇಲ್ಲದ್ದು. ಪದವೊಂದು ಇದೆ ಎಂಬುದಕ್ಕೂ ಇಲ್ಲ ಎಂಬುದಕ್ಕೂ ನಡುವಿನ ಅಂತರವೇ ಈ ವಿಧಾನದಲ್ಲಿ ಎಲ್ಲಕ್ಕಿಂತ ದೊಡ್ಡದು.

ಹೊಸ ತಂತ್ರಾಂಶ ಪದಗಳನ್ನು ಎಣಿಸುವುದೇ ಇಲ್ಲ. ಅದರೊಳಗೆ ಪಠ್ಯವನ್ನು ಸಂಖ್ಯೆಗಳ ಸಾಲಾಗಿ ಬದಲಾಯಿಸುವ ಒಂದು ಮಾದರಿ ಇದೆ. ನಮ್ಮದರಲ್ಲಿದ್ದ `all-MiniLM-L6-v2` ಯಾವುದೇ ಪಠ್ಯವನ್ನು 384 ಸಂಖ್ಯೆಗಳಿಗೆ ಇಳಿಸುತ್ತದೆ. ನೂರು ಕೋಟಿಗೂ ಹೆಚ್ಚು ವಾಕ್ಯಗಳ ಜೋಡಿಗಳ ಮೇಲೆ ತರಬೇತಾದ ಮಾದರಿ ಅದು. ಪ್ರಶ್ನೆ ಮತ್ತು ಉತ್ತರ, ಶೀರ್ಷಿಕೆ ಮತ್ತು ಬರಹ, ಹೀಗೆ ಒಟ್ಟಿಗೆ ಬರುವ ಪಠ್ಯಗಳು ಹತ್ತಿರದ ಸಂಖ್ಯೆಗಳಿಗೆ ಬರಬೇಕು, ಸಂಬಂಧವಿಲ್ಲದವು ದೂರ ಹೋಗಬೇಕು ಎಂದು ಅದನ್ನು ಪಳಗಿಸಿದ್ದಾರೆ. ಪೂರೈಕೆದಾರರ ಬಿಲ್ಲು ಪಾವತಿ ಮತ್ತು ಅಕೌಂಟ್ಸ್ ಪೇಯಬಲ್ ಒಂದೇ ಬಗೆಯ ಮಾತುಗಳ ನೆರೆಯಲ್ಲಿ ಕಾಣಿಸಿಕೊಳ್ಳುತ್ತವೆ, ಆದ್ದರಿಂದ ಅವುಗಳ ಸಂಖ್ಯೆಗಳೂ ಹತ್ತಿರ. ವಿವರಣೆಯ ಸಂಖ್ಯೆಗಳ ಸಾಲು ಮತ್ತು ರೆಸ್ಯೂಮೆಯ ಸಂಖ್ಯೆಗಳ ಸಾಲು ಎಷ್ಟು ಒಂದೇ ದಿಕ್ಕಿನಲ್ಲಿವೆ ಎಂದು ಅಳೆದು ತಂತ್ರಾಂಶ ಅಂಕ ಕೊಡುತ್ತದೆ. ಅ ಅವರು 3ನೇ ಸ್ಥಾನಕ್ಕೆ ಬಂದದ್ದು ಹೀಗೆ. ಬ ಅವರ ರೆಸ್ಯೂಮೆಯಲ್ಲಿ ಕೌಶಲಗಳ ಪಟ್ಟಿಯ ಆಚೆಗೆ ಇದ್ದದ್ದೆಲ್ಲ ಸ್ವಾಗತ ಮೇಜಿನ ಕೆಲಸ ಮತ್ತು ಮಾರಾಟ. ಪಠ್ಯ ಒಂದೇ ಸಾಲಾಗುವಾಗ ಅದು ಸೇರಿ ಸಂಖ್ಯೆಗಳನ್ನು ಬೇರೆಡೆಗೆ ಎಳೆದಿತ್ತು.

ಇಲ್ಲಿಯವರೆಗೆ ಹೊಸದೇ ಗೆದ್ದಂತೆ ಕಂಡಿತು. ಮುಖ್ಯಸ್ಥೆಗೂ ಹಾಗೇ ಅನ್ನಿಸಿತ್ತು. ಆಗ ಕ ಅವರ ರೆಸ್ಯೂಮೆ ತೆರೆದೆ.

ಕ ಅವರು ಹೊಸ ಪಟ್ಟಿಯಲ್ಲಿ 5ನೆಯವರು. ಒಳ್ಳೆಯ ಅನುಭವ, ಅಚ್ಚುಕಟ್ಟು ಬರಹ. ಆದರೆ ಅವರು ಕೆಲಸ ಮಾಡಿದ್ದು ಪೂರ್ತಿ ಒರಾಕಲ್‌ನಲ್ಲಿ. ಎಸ್‌ಎಪಿ ಎಂಬ ಮಾತೇ ಇಲ್ಲ. ಒರಾಕಲ್ ಮತ್ತು ಎಸ್‌ಎಪಿ ಎರಡೂ ಸಂಸ್ಥೆಗಳ ಲೆಕ್ಕ ನೋಡಿಕೊಳ್ಳುವ ತಂತ್ರಾಂಶಗಳು, ಎರಡರ ಸುತ್ತಲೂ ಬರುವ ಮಾತುಗಳು ಒಂದೇ. ಅರ್ಥ ನೋಡುವ ಮಾದರಿಗೆ ಅವು ಅಣ್ಣತಮ್ಮಂದಿರು. ಪೂರೈಕೆದಾರರ ಬಿಲ್ಲನ್ನೂ ಅಕೌಂಟ್ಸ್ ಪೇಯಬಲ್ ಅನ್ನೂ ಹತ್ತಿರ ತಂದ ಅದೇ ಗುಣ ಇವೆರಡನ್ನೂ ಹತ್ತಿರ ತರುತ್ತದೆ. ಮೊದಲನೆಯದು ನಮಗೆ ಬೇಕು, ಎರಡನೆಯದು ಬೇಡ. ಆ ಭೇದವನ್ನು ಮಾದರಿಗೆ ಹೇಳುವ ಗುಂಡಿ ಯಾವುದೂ ಇಲ್ಲ. ಹಳೆಯ ತಂತ್ರಾಂಶಕ್ಕೆ ಈ ತೊಂದರೆ ಇರಲೇ ಇಲ್ಲ, ಎಸ್‌ಎಪಿ ಇಲ್ಲ ಎಂದರೆ ಇಲ್ಲ. ಉತ್ಪನ್ನದ ಹೆಸರು, ಪರವಾನಗಿ, ಪ್ರಮಾಣಪತ್ರ, ಇಂಥವುಗಳ ವಿಷಯದಲ್ಲಿ ನಾನು ಇಂದಿಗೂ ಪದ ಹೊಂದಾಣಿಕೆಯನ್ನೇ ನಂಬುತ್ತೇನೆ. ಅಲ್ಲಿ ಹತ್ತಿರದ್ದು ಎಂಬುದಕ್ಕೆ ಬೆಲೆಯಿಲ್ಲ.

ಇನ್ನೊಂದು ವಿಚಿತ್ರವನ್ನು ಹುಡುಕದೆಯೇ ಕಂಡೆ. ಸಂಸ್ಥೆಯೊಳಗೆ ಎಲ್ಲರೂ ಮೆಚ್ಚಿಕೊಂಡಿದ್ದ ಒಬ್ಬ ಅಭ್ಯರ್ಥಿ ಹಳೆಯ ಪಟ್ಟಿಯಲ್ಲಿ 4ನೆಯವರಾಗಿದ್ದು ಹೊಸದರಲ್ಲಿ 29ಕ್ಕೆ ಹೋಗಿದ್ದರು. ಅವರ ಅನುಭವಕ್ಕೆ ಯಾವ ಕೊರತೆಯೂ ಇರಲಿಲ್ಲ. ರೆಸ್ಯೂಮೆಯ ಎರಡನೇ ಪುಟವನ್ನು ಅಳಿಸಿ ಮತ್ತೆ ಅಂಕ ತೆಗೆದೆ. ಅಂಕ ದಶಾಂಶದ ಕೊನೆಯ ಸ್ಥಾನದವರೆಗೂ ಹಾಗೆಯೇ ಇತ್ತು. ಮೊದಲ ಪುಟದ ಕೆಳಗಿನ ಅರ್ಧವನ್ನೂ ಅಳಿಸಿದೆ. ಆಗಲೂ ಬದಲಾಗಲಿಲ್ಲ. ಆಗ ಮಾದರಿಯನ್ನೇ ಕೇಳಿದೆ:

```python
from sentence_transformers import SentenceTransformer
model = SentenceTransformer("all-MiniLM-L6-v2")
print(model.max_seq_length)
```

ಪರದೆಯ ಮೇಲೆ ಬಂದದ್ದು 256. ಮಾದರಿ ಪಠ್ಯವನ್ನು ಪದದ ತುಣುಕುಗಳಾಗಿ ಒಡೆದುಕೊಂಡು, ಮೊದಲ 256 ತುಣುಕುಗಳನ್ನು ಮಾತ್ರ ಓದುತ್ತದೆ. ಉಳಿದದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದೋಷವೆಂದಾಗಲೀ ಎಚ್ಚರಿಕೆಯೆಂದಾಗಲೀ ಏನನ್ನೂ ತೋರಿಸುವುದಿಲ್ಲ. ಎರಡು ಪುಟದ ರೆಸ್ಯೂಮೆಯಲ್ಲಿ ಇದು ಹೆಚ್ಚೆಂದರೆ ಮೂರನೇ ಒಂದು ಭಾಗ. ಆ ಅಭ್ಯರ್ಥಿ ಮೊದಲಿಗೆ ತಮ್ಮ ಗುರಿ, ಮೌಲ್ಯಗಳು, ಓದಿದ ವಿಷಯಗಳು ಎಂದು ಉದ್ದಕ್ಕೆ ಬರೆದಿದ್ದರು. ಕೆಲಸದ ವಿವರ ಶುರುವಾಗುವ ಹೊತ್ತಿಗೆ ಮಾದರಿ ಓದುವುದನ್ನು ನಿಲ್ಲಿಸಿತ್ತು. ಅರ್ಥ ಹಿಡಿಯುವ ತಂತ್ರಾಂಶ ಎಂದು ನಾವು ಕೊಂಡಾಡುತ್ತಿದ್ದುದು ಅವರ ಗುರಿಯ ಪ್ಯಾರಾವನ್ನು ಮಾತ್ರ ಓದಿ ತೀರ್ಪು ಕೊಟ್ಟಿತ್ತು. ಎಲ್ಲ ಮಾದರಿಗಳ ಮಿತಿ ಇಷ್ಟೇ ಇರುವುದಿಲ್ಲ, ಕೆಲವು ಸಾವಿರಾರು ತುಣುಕುಗಳನ್ನು ಓದುತ್ತವೆ. ಆದರೆ ಕೊನೆಯ ಪುಟ ಅಳಿಸಿ ಅಂಕ ಬದಲಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಯಾವ ತಂತ್ರಾಂಶಕ್ಕಾದರೂ ಮಾಡಬಹುದು.

ಇದಕ್ಕೆ ಪರಿಹಾರವಾಗಿ ರೆಸ್ಯೂಮೆಯನ್ನು ತುಂಡು ಮಾಡಿದೆವು. ಒಂದೊಂದು ಉದ್ಯೋಗದ ವಿವರ ಒಂದೊಂದು ತುಂಡು. ಪ್ರತಿ ತುಂಡನ್ನೂ ಹುದ್ದೆಯ ವಿವರಣೆಯ ಜೊತೆ ಬೇರೆಯಾಗಿ ಹೋಲಿಸಬೇಕು. ಆದರೆ ಅಷ್ಟೂ ಅಂಕಗಳಿಂದ ಒಂದು ಅಂಕ ಮಾಡುವುದು ಹೇಗೆ? ಅತಿ ಹೆಚ್ಚಿನದನ್ನು ತೆಗೆದುಕೊಂಡರೆ, ಎಂದೋ ಒಂದು ಕಾಲದಲ್ಲಿ ಕೆಲವು ತಿಂಗಳು ಈ ಕೆಲಸ ಮಾಡಿ ಬಿಟ್ಟವರೂ ಮೇಲೆ ಬರುತ್ತಾರೆ. ಸರಾಸರಿ ತೆಗೆದರೆ, ಮೊದಲು ಬೇರೆ ವೃತ್ತಿಯಲ್ಲಿದ್ದು ಈಗ ಇದರಲ್ಲೇ ನುರಿತವರು ಕೆಳಗೆ ಹೋಗುತ್ತಾರೆ. ಕೊನೆಗೆ ಇತ್ತೀಚಿನ ಎರಡು ಉದ್ಯೋಗಗಳಲ್ಲಿ ಹೆಚ್ಚಿನ ಅಂಕ ಯಾವುದೋ ಅದನ್ನು ಹಿಡಿದೆವು. ಇದು ನಮ್ಮ ಆಯ್ಕೆಯೇ ಹೊರತು ಸತ್ಯವಲ್ಲ. ಅಭ್ಯರ್ಥಿಗಳ ಸ್ಥಾನ ಮಾತ್ರ ಈ ಒಂದು ಆಯ್ಕೆಯಿಂದಲೇ ಹತ್ತಾರು ಮೆಟ್ಟಿಲು ಆಚೀಚೆಯಾಗುತ್ತದೆ. ನಮ್ಮ ಪಟ್ಟಿಯಲ್ಲಿ 29ರಲ್ಲಿದ್ದವರು 8ಕ್ಕೆ ಬಂದರು. ಅ, ಬ, ಕ ಮೂವರ ಅನುಭವವೂ ರೆಸ್ಯೂಮೆಯ ಮೇಲ್ಭಾಗದಲ್ಲೇ ಇದ್ದುದರಿಂದ ಅವರು ಇದ್ದಲ್ಲೇ ಉಳಿದರು.

ಎರಡೂ ಪಟ್ಟಿಗಳನ್ನು ಬೆರೆಸಿಬಿಡಿ ಎಂದು ಮುಖ್ಯಸ್ಥೆ ಹೇಳಿದರು. ಅಂಕಗಳನ್ನು ನೇರವಾಗಿ ಕೂಡುವಂತಿಲ್ಲ, ಏಕೆಂದರೆ ಬಿಎಂ25ರ ಅಂಕಕ್ಕೆ ಮೇಲಿನ ಮಿತಿ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ, ಇನ್ನೊಂದು 1ನ್ನು ದಾಟುವುದೇ ಇಲ್ಲ. ಅದಕ್ಕಾಗಿ ಅಂಕ ಬಿಟ್ಟು ಸ್ಥಾನಗಳನ್ನು ಕೂಡುವ ವಿಧಾನವೊಂದಿದೆ, 2009ರಲ್ಲಿ ಪ್ರಕಟವಾದದ್ದು. ಪ್ರತಿ ಪಟ್ಟಿಯಲ್ಲಿನ ಸ್ಥಾನಕ್ಕೆ 60 ಸೇರಿಸಿ, 1ನ್ನು ಅದರಿಂದ ಭಾಗಿಸಿ, ಬಂದ ಎರಡು ಸಂಖ್ಯೆಗಳನ್ನು ಕೂಡಬೇಕು. ಕಾಗದದ ಮೇಲೆ ಹಾಕಿ ನೋಡಿದೆ.

ಅ ಅವರು 31 ಮತ್ತು 3. ಅಂದರೆ 1/91 ಮತ್ತು 1/63, ಒಟ್ಟು 0.0269. ಬ ಅವರು 1 ಮತ್ತು 22, ಒಟ್ಟು 0.0286. ಎರಡೂ ಪಟ್ಟಿಗಳಲ್ಲಿ ಸುಮ್ಮನೆ 8ನೇ ಸ್ಥಾನದಲ್ಲಿರುವ ಯಾರನ್ನಾದರೂ ಊಹಿಸಿಕೊಂಡರೆ ಅವರಿಗೆ 0.0294. ಹುದ್ದೆಗೆ ಸೂಕ್ತರಾದ ಅ ಅವರು ಪದಗಳನ್ನು ತುಂಬಿದ ಬ ಅವರಿಗಿಂತ ಕೆಳಗೇ ಉಳಿದರು. ಬೆರೆಸಿದರೆ ನ್ಯಾಯ ಸಿಗುತ್ತದೆ ಎಂಬ ನಿರೀಕ್ಷೆ ಇಲ್ಲಿ ಹುಸಿಯಾಯಿತು. ಈ ವಿಧಾನ ಎರಡೂ ಪಟ್ಟಿಗಳು ಒಪ್ಪಿಕೊಂಡವರನ್ನು ಮೇಲೆತ್ತುತ್ತದೆ. ಒಂದು ಪಟ್ಟಿ ಕಣ್ಣುಮುಚ್ಚಿಕೊಂಡಿದ್ದರೆ ಅದರ ಕುರುಡುತನವನ್ನೂ ಸೇರಿಸಿಕೊಂಡೇ ಲೆಕ್ಕ ಹಾಕುತ್ತದೆ.

ಹಾಗಾದರೆ ಅ ಅವರನ್ನು ಮೇಲಕ್ಕೆ ತರುವುದು ಯಾವುದು? ಅವರ ರೆಸ್ಯೂಮೆಯ ಒಂದು ನಕಲು ಮಾಡಿಕೊಂಡು ಎರಡು ಕಡೆ ತಿದ್ದಿದೆ. ಉದ್ಯೋಗದ ಹೆಸರಿನ ಪಕ್ಕದಲ್ಲಿ `Accounts Payable` ಎಂದು ಸೇರಿಸಿದೆ. `reconciled statements` ಎಂಬುದನ್ನು `statement reconciliation` ಮಾಡಿದೆ. ಅರ್ಥದಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ, ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಹೊಸ ಪಟ್ಟಿಯಲ್ಲಿ ಅವರ ಸ್ಥಾನ 3 ಆಗಿಯೇ ಉಳಿಯಿತು. ಹಳೆಯದರಲ್ಲಿ ಅಂಕ 0.30ರಿಂದ ಹೆಚ್ಚುಕಡಿಮೆ 1.98ಕ್ಕೆ ಏರಿ, 31ರಿಂದ 9ಕ್ಕೆ ಬಂದರು. ಬೆರೆಸಿದ ಲೆಕ್ಕದಲ್ಲಿ 1/69 ಮತ್ತು 1/63, ಅಂದರೆ 0.0304. ಬ ಅವರನ್ನೂ ನಾನು ಊಹಿಸಿಕೊಂಡ ಎಂಟನೆಯವರನ್ನೂ ದಾಟಿಹೋದರು.

ಆದರೆ ಅಭ್ಯರ್ಥಿಯ ರೆಸ್ಯೂಮೆಯನ್ನು ತಿದ್ದುವುದು ನಮ್ಮ ಕೆಲಸವಲ್ಲವಲ್ಲ. ನಾವು ತಿದ್ದಬಹುದಾದದ್ದು ನಮ್ಮ ಕಡೆಯದ್ದು ಮಾತ್ರ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರನ್ನು ಕೂರಿಸಿಕೊಂಡು ಸಮಾನ ಪದಗಳ ಪಟ್ಟಿ ಬರೆಸಿದೆವು. ಅಕೌಂಟ್ಸ್ ಪೇಯಬಲ್ ಎಂದು ಹುಡುಕಿದರೆ ಪೂರೈಕೆದಾರರ ಪಾವತಿಯೂ ಬಿಲ್ಲು ಪರಿಶೀಲನೆಯೂ ಸಿಗಬೇಕು. `AP` ಎಂಬ ಎರಡಕ್ಷರವೂ ಸಿಗಬೇಕು, ಅದನ್ನು ಹಳೆಯ ತಂತ್ರಾಂಶ ಅದುವರೆಗೂ ಗುರುತಿಸುತ್ತಲೇ ಇರಲಿಲ್ಲ. "ಇದನ್ನೆಲ್ಲ ನಿಮ್ಮ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲವೇ?" ಎಂದು ಅವರು ನಕ್ಕರು. ಎಸ್‌ಎಪಿಯನ್ನು ಅಂಕದ ಲೆಕ್ಕದಿಂದಲೇ ಹೊರಗಿಟ್ಟು, ಇದೆ ಅಥವಾ ಇಲ್ಲ ಎಂಬ ಗುರುತಾಗಿ ಪಕ್ಕದಲ್ಲಿ ತೋರಿಸಿದೆವು. ಅಂದಿನಿಂದ ಕ ಅವರಂಥವರು ಅರ್ಥದ ಬಲದಿಂದ ಮೇಲೆ ಬಂದರೂ ಪಕ್ಕದಲ್ಲಿ ಇಲ್ಲ ಎಂದು ಕಾಣುತ್ತದೆ. ಒರಾಕಲ್ ಬಲ್ಲವರಿಗೆ ಎಸ್‌ಎಪಿ ಕಲಿಸಬಹುದೇ ಎಂಬುದನ್ನು ನೇಮಕಾತಿಯವರೇ ನಿರ್ಧರಿಸುತ್ತಾರೆ.

ಎರಡೂ ವಿಧಾನಗಳಿಗೆ ದಕ್ಕದೆ ಉಳಿದದ್ದೂ ಒಂದಿದೆ. ಒಂದು ರೆಸ್ಯೂಮೆಯಲ್ಲಿ, ಎಸ್‌ಎಪಿಯಲ್ಲಿ ಇನ್ನೂ ಕೆಲಸ ಮಾಡಿಲ್ಲ, ಕಲಿಯುವ ಆಸಕ್ತಿ ಇದೆ ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಪದ ನೋಡುವ ತಂತ್ರಾಂಶಕ್ಕೆ ಅಲ್ಲಿ ಕಂಡದ್ದು ಎಸ್‌ಎಪಿ, ಇದೆ ಎಂದು ಗುರುತು ಹಾಕಿತು. ಅರ್ಥ ನೋಡುವ ಮಾದರಿಯೂ ಆ ವಾಕ್ಯವನ್ನು ಎಸ್‌ಎಪಿ ಅನುಭವವಿದೆ ಎಂಬ ವಾಕ್ಯದ ಪಕ್ಕದಲ್ಲೇ ಇಟ್ಟಿತು, ಏಕೆಂದರೆ ಎರಡರ ವಿಷಯ ಒಂದೇ, ನಿಷೇಧದ ಒಂದು ಪದ ಆ ಸಂಖ್ಯೆಗಳನ್ನು ಹೆಚ್ಚು ಅಲುಗಿಸುವುದಿಲ್ಲ. ಇದಕ್ಕಾಗಿ ನಾವು ಮಾಡಿದ ಏರ್ಪಾಡು ಬಹಳ ಸರಳ. ಇದೆ ಎಂಬ ಗುರುತಿನ ಮೇಲೆ ಒತ್ತಿದರೆ, ಆ ಪದ ಬಂದ ಇಡೀ ವಾಕ್ಯ ತೆರೆದುಕೊಳ್ಳುತ್ತದೆ. ಪಟ್ಟಿ ನೋಡುವವರು ಅದನ್ನು ಓದಿದ ಮೇಲೆಯೇ ಮುಂದಿನ ಹೆಸರಿಗೆ ಹೋಗಲು ಬರುತ್ತದೆ.